ಸೆರಗಿನ ಕೆಂಪು ಬದಲಿಸಲು ಮತ್ತೆ 72 ಗಂಟೆ ಬೇಕಿಲ್ಲ

ಪ್ರಶ್ನೆ: ಬಾಗಲಕೋಟೆಯ ಸೀರೆ ಅಂಗಡಿಯೊಂದಕ್ಕಾಗಿ ಬ್ಲೆಂಡರ್‌ನಲ್ಲಿ ಇಳಕಲ್ ಸೀರೆಯ ಹತ್ತು ಸೆಕೆಂಡಿನ ಜಾಹೀರಾತು ಮಾಡಿದ್ದೇನೆ. 240 ಫ್ರೇಮು, ಒಂದೊಂದಕ್ಕೆ 18 ನಿಮಿಷ, ಒಟ್ಟು ಮೂರು ದಿನ ಬ್ಲೆಂಡರ್‌ನ ರೆಂಡರ್ ಎಂಜಿನ್ ಸೈಕಲ್ಸ್‌ನಲ್ಲಿ ರೆಂಡರ್ ಆಗಿದೆ. ಈಗ ಅಂಗಡಿಯ ಮಾಲೀಕರು, "ಸೆರಗು ಕುಂಕುಮದಂತೆ ಕಾಣುತ್ತಿದೆ, ನಮ್ಮದು ದಾಳಿಂಬೆ ಕೆಂಪು" ಎನ್ನುತ್ತಿದ್ದಾರೆ. ವಿಡಿಯೊದ ಬಣ್ಣ ತಿರುಗಿಸಿದರೆ ಪಕ್ಕದ ಹಿತ್ತಾಳೆ ತಂಬಿಗೆಯೂ ಕೆಡುತ್ತದೆ, ಸೆರಗಿನ ಬಿಳಿ ತೋಪು ತೆನಿ ವಿನ್ಯಾಸ ನೀಲಿಯಾಗುತ್ತದೆ. ಯಾರೋ ಹೇಳಿದರೆಂದು ಎಲ್ಲ ಪಾಸುಗಳನ್ನೂ ಕ್ರಿಪ್ಟೋಮ್ಯಾಟ್ ಸಮೇತ ಮಲ್ಟಿಲೇಯರ್ ಇಎಕ್ಸ್‌ಆರ್‌ನಲ್ಲಿ ಉಳಿಸಿಕೊಂಡಿದ್ದೇನೆ. ಆದರೆ ಅವನ್ನು ಜೋಡಿಸಿದರೆ ಚಿತ್ರದ ತುಂಬ ಕಾಳು ಕಾಳು. ಕೊನೆಯ ಕೆಲವು ಫ್ರೇಮುಗಳಲ್ಲಿ ಸೀರೆ ಗಾಜಿನ ಕಪಾಟಿನೊಳಗಿದೆ. ಮತ್ತೆ ರೆಂಡರ್ ಮಾಡದೆ ದಾರಿ ಇದೆಯೇ?

ಉತ್ತರ: ಇದೆ. ಗಾಜಿನ ಕಪಾಟಿನ ಫ್ರೇಮುಗಳಿಗೆ ಮಾತ್ರ ಸ್ವಲ್ಪ ಬೇರೆ ಕೆಲಸ ಬೇಕು, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಪಾಸುಗಳನ್ನು ಉಳಿಸಿಕೊಳ್ಳಲು ಹೇಳಿದವರಿಗೆ ಒಂದು ಚಹಾ ಕುಡಿಸಿ. ಪಿಎನ್‌ಜಿ ಮಾತ್ರ ಇದ್ದಿದ್ದರೆ ಈ ಉತ್ತರ ಇಲ್ಲಿಗೇ ಮುಗಿಯುತ್ತಿತ್ತು.

ಸಿದ್ಧ ವಿಡಿಯೊದ ಮೇಲೆ ಬಣ್ಣ ತಿರುಗಿಸಿದರೆ ಏಕೆ ಕೆಡುತ್ತದೆ ಎಂಬುದು ಮೊದಲು ಗೊತ್ತಿರಲಿ. ಸಿದ್ಧ ಚಿತ್ರದ ಒಂದು ಪಿಕ್ಸೆಲ್‌ನಲ್ಲಿ ದಾರದ ಬಣ್ಣ, ಅದರ ಮೇಲೆ ಬಿದ್ದ ಬೆಳಕು, ರೇಷ್ಮೆಯ ಮೇಲ್ಮೈ ಹೊಮ್ಮಿಸುವ ಬಿಳಿ ಹೊಳಪು ಮೂರೂ ಬೆರೆತು ಒಂದೇ ಸಂಖ್ಯೆಯಾಗಿರುತ್ತವೆ. ನೀವು ಕೆಂಪನ್ನು ತಗ್ಗಿಸಿದಾಗ ದಾರದ ಜೊತೆಗೆ ಹೊಳಪಿನ ಕೆಂಪೂ ತಗ್ಗುತ್ತದೆ. ಬಿಳಿ ಹೊಳಪಿನಿಂದ ಕೆಂಪನ್ನು ಕಳೆದರೆ ಉಳಿಯುವುದು ನೀಲಿ ಛಾಯೆ. ತೋಪು ತೆನಿಗೂ ಆಗಿರುವುದು ಇದೇ. ಸೈಕಲ್ಸ್ ಈ ಮೂರನ್ನೂ ಬೇರೆ ಬೇರೆ ಪದರಗಳಾಗಿ ಇಟ್ಟುಕೊಂಡೇ ಲೆಕ್ಕ ಮಾಡುತ್ತದೆ, ಆ ಪದರಗಳೇ ಪಾಸುಗಳು, ಕೊನೆಗೆ ಅವನ್ನು ಹೀಗೆ ಕೂಡಿಸುತ್ತದೆ:

```
Combined = DiffCol  × (DiffDir  + DiffInd)
         + GlossCol × (GlossDir + GlossInd)
         + TransCol × (TransDir + TransInd)
         + Volume + Emit + Env
```

ಮೊದಲ ಸಾಲು ನಮ್ಮದು. ಡಿಫ್ಯೂಸ್ ಕಲರ್ ಎಂದರೆ ಬೆಳಕು ನೆರಳು ಯಾವುದೂ ಸೋಕದ ಬರಿಯ ದಾರದ ಬಣ್ಣ. ಡಿಫ್ಯೂಸ್ ಡೈರೆಕ್ಟ್ ಎಂದರೆ ದೀಪದಿಂದ ನೇರವಾಗಿ ಬಟ್ಟೆಗೆ ಬಿದ್ದ ಬೆಳಕು. ಡಿಫ್ಯೂಸ್ ಇಂಡೈರೆಕ್ಟ್ ಎಂದರೆ ಗೋಡೆಗೋ ನೆಲಕ್ಕೋ ಅದೇ ಬಟ್ಟೆಯ ಇನ್ನೊಂದು ಮಡಿಕೆಗೋ ಬಡಿದು ಬಂದ ಬೆಳಕು. ರೇಷ್ಮೆಯ ಹೊಳಪು ಎರಡನೆಯ ಸಾಲಿನಲ್ಲಿದೆ, ಅದನ್ನು ನಾವು ಮುಟ್ಟುವುದೇ ಇಲ್ಲ.

ಮೊದಲು ಒಂದು ಪರೀಕ್ಷೆ. ಹೊಸ ಫೈಲಿನಲ್ಲಿ ಕಾಂಪೋಸಿಟರ್ ತೆರೆದು ಇಮೇಜ್ ನೋಡ್‌ಗೆ ನಿಮ್ಮ ಇಎಕ್ಸ್‌ಆರ್ ಸರಣಿಯನ್ನು ಕೊಡಿ. ಮೂಲವನ್ನು Image Sequence ಎಂದು ಆರಿಸಿ, ಫ್ರೇಮುಗಳ ಸಂಖ್ಯೆ 240 ಎಂದು ಕೊಟ್ಟು, Auto Refresh ಗುರುತು ಹಾಕಿ. ಅದನ್ನು ಮರೆತರೆ ಫ್ರೇಮು ಬದಲಾದರೂ ಚಿತ್ರ ಬದಲಾಗದೆ ನಿಂತುಬಿಡುತ್ತದೆ. ಈಗ ಮೇಲಿನ ಸೂತ್ರದಂತೆ ಪಾಸುಗಳನ್ನು ಕೂಡಿಸಿ, ಬಂದದ್ದನ್ನು ಮಿಕ್ಸ್ ನೋಡ್‌ನ Difference ವಿಧಾನದಲ್ಲಿ ಮೂಲದ ಎದುರು ಇಡಿ. ಫಲಿತಾಂಶವನ್ನು 100ರಿಂದ ಗುಣಿಸಿ ನೋಡಿದರೂ ಪೂರ್ತಿ ಕಪ್ಪು ಬಂದರೆ ಯಾವ ಪಾಸೂ ತಪ್ಪಿಲ್ಲ. ದೀಪದ ಆಕಾರವೊಂದೇ ಬೆಳಗಿ ಕಂಡರೆ ಎಮಿಷನ್ ಪಾಸು ಬಿಟ್ಟುಹೋಗಿದೆ. ಹಿನ್ನೆಲೆ ಕಂಡರೆ ಎನ್ವಿರಾನ್‌ಮೆಂಟ್ ಬಿಟ್ಟುಹೋಗಿದೆ.

ನಿಮ್ಮಲ್ಲಿ ಬಹುಶಃ ಎಲ್ಲೆಡೆ ಸಣ್ಣ ಕಾಳು ಕಾಣುತ್ತದೆ. ಅದು ಜೋಡಣೆಯ ತಪ್ಪಲ್ಲ. ರೆಂಡರ್ ಸೆಟ್ಟಿಂಗ್‌ನಲ್ಲಿ ಡಿನಾಯ್ಸ್ ಹಾಕಿದಾಗ ಬ್ಲೆಂಡರ್ ಕಾಳು ತೆಗೆಯುವುದು ಕಂಬೈನ್ಡ್ ಚಿತ್ರದಿಂದ ಮಾತ್ರ. ಡಿಫ್ಯೂಸ್, ಗ್ಲಾಸಿ ಪಾಸುಗಳು ಹುಟ್ಟಿದಂತೆಯೇ ಕಾಳು ಕಾಳಾಗಿ ಫೈಲಿಗೆ ಹೋಗುತ್ತವೆ. ಆದ್ದರಿಂದ ಹೋಲಿಕೆಯನ್ನು ಕಂಬೈನ್ಡ್ ಜೊತೆಗಲ್ಲ, ಫೈಲಿನಲ್ಲಿ ನಾಯ್ಸಿ ಇಮೇಜ್ ಇದ್ದರೆ ಅದರ ಜೊತೆ ಮಾಡಿ.

ಇಲ್ಲಿಂದ ಮುಂದೆ ಹೆಚ್ಚಿನವರು ಎಲ್ಲ ಪಾಸುಗಳನ್ನೂ ಒಂದೊಂದಾಗಿ ಡಿನಾಯ್ಸ್ ಮಾಡಿ, ಚಿತ್ರವನ್ನು ಮೊದಲಿನಿಂದ ಕಟ್ಟುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಒಂದು ಸೆರಗಿಗಾಗಿ ಇಡೀ ಕೋಣೆಯನ್ನು ಏಕೆ ಮತ್ತೆ ಕಟ್ಟಬೇಕು? ನಿಮ್ಮ ಕಂಬೈನ್ಡ್ ಈಗಾಗಲೇ ಶುದ್ಧವಾಗಿದೆ, ಮಾಲೀಕರು ಒಪ್ಪಿದ ತಂಬಿಗೆ, ಗೋಡೆ, ನೆಲ ಎಲ್ಲವೂ ಅದರಲ್ಲಿವೆ. ಅದನ್ನೇ ಬುಡವಾಗಿಟ್ಟುಕೊಂಡು, ಸೆರಗಿನ ಹಳೆಯ ಡಿಫ್ಯೂಸ್ ಕಳೆದು ಹೊಸದನ್ನು ಕೂಡಿಸಿದರೆ ಸಾಕು:

```
Old    = DiffCol × (DiffDir + DiffInd)
New    = DiffCol × k × (DiffDir + DiffInd_new)
Result = Combined + Mask × (New − Old)
```

ಮಾಸ್ಕ್ ಸೊನ್ನೆ ಇರುವ ಕಡೆಯಲ್ಲೆಲ್ಲ ಫಲಿತಾಂಶ ಕಂಬೈನ್ಡ್‌ಗೆ ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮವಾಗಿರುತ್ತದೆ. ಡಿನಾಯ್ಸ್ ಬೇಕಾಗುವುದು ಡೈರೆಕ್ಟ್ ಮತ್ತು ಇಂಡೈರೆಕ್ಟ್ ಎರಡಕ್ಕೆ ಮಾತ್ರ. ತಲಾ ಒಂದು ಡಿನಾಯ್ಸ್ ನೋಡ್ ಇಡಿ, HDR ಗುರುತು ಇರಲಿ, ಡಿನಾಯ್ಸಿಂಗ್ ಡೇಟಾ ಉಳಿಸಿದ್ದರೆ ನಾರ್ಮಲ್ ಮತ್ತು ಆಲ್ಬೆಡೊ ಕೂಡ ಜೋಡಿಸಿ. ಡಿಫ್ಯೂಸ್ ಕಲರ್‌ಗೆ ಡಿನಾಯ್ಸ್ ಹಾಕಬೇಡಿ. ಅದರಲ್ಲಿ ಕಾಳಿಲ್ಲ, ಹಾಕಿದರೆ ನೇಯ್ಗೆಯ ಎಳೆಗಳು ಮಸುಕಾಗುತ್ತವೆ. ಹೊಸದರಿಂದ ಹಳೆಯದನ್ನು ಕಳೆದಾಗ ಋಣ ಸಂಖ್ಯೆ ಬರುವುದು ಸಹಜ. ಮಿಕ್ಸ್ ನೋಡ್‌ಗಳಲ್ಲಿ Clamp ಗುರುತು ಇದ್ದರೆ ಅದು ಆ ಸಂಖ್ಯೆಗಳನ್ನು ಸೊನ್ನೆಯಲ್ಲಿ ನಿಲ್ಲಿಸಿಬಿಡುತ್ತದೆ, ಆಗ ಎಷ್ಟು ತಿರುಗಿಸಿದರೂ ಸೆರಗು ಗಾಢವಾಗುವುದೇ ಇಲ್ಲ. ಬಣ್ಣ ಬದಲಾಗುತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಆ ಗುರುತನ್ನೇ.

ಇನ್ನು ಮಾಸ್ಕ್. ಇಳಕಲ್ ಸೀರೆಯಲ್ಲಿ ಒಡಲು ಬೇರೆ, ಸೆರಗು ಬೇರೆ. ಒಡಲಿನ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಕೊಂಡಿ ಹಾಕಿ ಸೇರಿಸುವುದೇ ಅದರ ಹೆಗ್ಗುರುತು. ನೀವೂ ಮಾಡೆಲ್‌ನಲ್ಲಿ ಸೆರಗಿಗೆ ಬೇರೆ ಮೆಟೀರಿಯಲ್ ಕೊಟ್ಟಿದ್ದರೆ ಅರ್ಧ ಕೆಲಸ ಮುಗಿದಂತೆ. ಕ್ರಿಪ್ಟೋಮ್ಯಾಟ್ ನೋಡ್‌ನ ಮೂಲವನ್ನು Render ಬದಲು Image ಮಾಡಿ, ಅದೇ ಸರಣಿಯನ್ನು ಕೊಟ್ಟು, ಮೆಟೀರಿಯಲ್ ಪದರವನ್ನು ಆರಿಸಿ, ಸೆರಗಿನ ಮೇಲೆ ಕ್ಲಿಕ್ ಮಾಡಿ. Matte ಎಂಬಲ್ಲಿ ಸೆರಗಿನ ಬಿಳಿ ಆಕಾರ ಬರಬೇಕು.

ಅದು ಬರದೆ ಚುಕ್ಕೆ ಚುಕ್ಕೆಯಾಗಿ ಕಂಡರೆ ಫೈಲನ್ನು 16 ಬಿಟ್‌ನ ಹಾಫ್ ಫ್ಲೋಟ್‌ನಲ್ಲೋ ನಷ್ಟವಾಗುವ ಕಂಪ್ರೆಷನ್‌ನಲ್ಲೋ ಉಳಿಸಲಾಗಿದೆ. ಕ್ರಿಪ್ಟೋಮ್ಯಾಟ್ ಪ್ರತಿ ವಸ್ತುವಿಗೂ ಒಂದು ಗುರುತಿನ ಸಂಖ್ಯೆ ಬರೆದಿಡುತ್ತದೆ. ಅದರ ಕೊನೆಯ ಅಂಕಿ ಅಳಿಸಿದರೂ ಗುರುತು ಸಿಗುವುದಿಲ್ಲ, ಹಾಗಾಗಿ 32 ಬಿಟ್ ಪೂರ್ಣ ಫ್ಲೋಟ್ ಬೇಕೇಬೇಕು. ಹಾಗೆ ಕೆಟ್ಟಿದ್ದರೂ ಗಾಬರಿ ಬೇಡ. 18 ನಿಮಿಷ ತಿಂದದ್ದು ಬೆಳಕಿನ ಲೆಕ್ಕ, ಗುರುತಿನ ಲೆಕ್ಕವಲ್ಲ. ಅದೇ ದೃಶ್ಯವನ್ನು ಮ್ಯಾಕ್ಸ್ ಬೌನ್ಸ್ ಸೊನ್ನೆ ಮಾಡಿ, 32 ಸ್ಯಾಂಪಲ್‌ನಲ್ಲಿ, ಕ್ರಿಪ್ಟೋಮ್ಯಾಟ್ ಒಂದನ್ನೇ ಪಡೆಯಲು ರೆಂಡರ್ ಮಾಡಿ. ಮೊದಲಿನ ಹೊತ್ತಿನ ಸಣ್ಣ ಪಾಲು ಸಾಕು. ಕ್ಯಾಮೆರಾ, ಬಟ್ಟೆಯ ಸಿಮ್ಯುಲೇಷನ್ ಕ್ಯಾಶ್, ಮೋಷನ್ ಬ್ಲರ್ ಮೂರೂ ಮೊದಲಿನಂತೆಯೇ ಇರಬೇಕು ಅಷ್ಟೆ.

ಈಗ ನಿಮ್ಮ ನೀಲಿ ತೋಪು ತೆನಿಯ ವಿಷಯ. ಕೆಂಪೂ ಬಿಳಿಯೂ ಒಂದೇ ಟೆಕ್ಸ್‌ಚರ್ ಚಿತ್ರದಲ್ಲಿರುವುದರಿಂದ ಕ್ರಿಪ್ಟೋಮ್ಯಾಟ್‌ಗೆ ಎರಡೂ ಒಂದೇ ಮೆಟೀರಿಯಲ್. ಅವನ್ನು ಬಿಡಿಸಲು ಡಿಫ್ಯೂಸ್ ಕಲರ್ ಪಾಸನ್ನೇ ಬಳಸಿ. ಸಿದ್ಧ ಚಿತ್ರದಲ್ಲಿ ನೆರಳಿನ ಬಿಳಿ ಮತ್ತು ಬೆಳಕಿನ ಕೆಂಪು ಒಂದನ್ನೊಂದು ಗೊಂದಲಗೊಳಿಸುತ್ತವೆ, ಈ ಪಾಸಿನಲ್ಲಿ ನೆರಳೇ ಇಲ್ಲ. ಉದಾಹರಣೆಗೆ ನಿಮ್ಮ ಕೆಂಪು ದಾರದ ಮೌಲ್ಯ (0.52, 0.02, 0.03), ಬಿಳಿ ದಾರದ್ದು (0.75, 0.75, 0.72) ಎಂದಿಟ್ಟುಕೊಳ್ಳೋಣ. ನಿಜವಾದ ಸಂಖ್ಯೆಗಳನ್ನು ವ್ಯೂವರ್‌ನಲ್ಲಿ ಬಲ ಗುಂಡಿ ಒತ್ತಿ ಓದಿಕೊಳ್ಳಬಹುದು. ಕೆಂಪು ವಾಹಿನಿಯಲ್ಲಿ ಎರಡಕ್ಕೂ ಹೇಳಿಕೊಳ್ಳುವ ಅಂತರವಿಲ್ಲ, ಹಸಿರು ವಾಹಿನಿಯಲ್ಲಿ ಒಂದು 0.02, ಇನ್ನೊಂದು 0.75. ಆದ್ದರಿಂದ ಡಿಫ್ಯೂಸ್ ಕಲರ್‌ನ ಹಸಿರು ವಾಹಿನಿಯನ್ನು ಮಾತ್ರ ಬೇರ್ಪಡಿಸಿ Map Range ನೋಡ್‌ಗೆ ಕೊಡಿ. 0.02 ಇದ್ದದ್ದು 1 ಆಗಲಿ, 0.75 ಇದ್ದದ್ದು 0 ಆಗಲಿ. ಇಲ್ಲಿ Clamp ಇರಬೇಕು, ಇದೊಂದು ಕಡೆ ಮಾತ್ರ. ಇದನ್ನು ಕ್ರಿಪ್ಟೋಮ್ಯಾಟ್‌ನಿಂದ ಬಂದ ಆಕಾರಕ್ಕೆ ಗುಣಿಸಿದರೆ ಸೆರಗಿನ ಕೆಂಪು ದಾರಗಳ ಮಾಸ್ಕ್ ಸಿದ್ಧ. ಅರ್ಧ ಕೆಂಪು ಅರ್ಧ ಬಿಳಿ ಇರುವ ಅಂಚಿನ ಪಿಕ್ಸೆಲ್‌ಗೆ ತಾನಾಗಿಯೇ 0.5 ಬರುತ್ತದೆ, ಆದ್ದರಿಂದ ತೆನಿಯ ಹಲ್ಲುಗಳ ಅಂಚು ಹರಿದಂತೆ ಕಾಣುವುದಿಲ್ಲ.

k ಎಂದರೆ ಹೊಸ ಕೆಂಪನ್ನು ಹಳೆಯ ಕೆಂಪಿನಿಂದ ಭಾಗಿಸಿದಾಗ ಬರುವ ಮೂರು ಸಂಖ್ಯೆ. ಮಾಲೀಕರು ಮೊಬೈಲ್‌ನಲ್ಲಿ ಕಳಿಸಿದ ಚಿತ್ರದ ಕೆಂಪನ್ನು ನೇರವಾಗಿ ನಂಬಬೇಡಿ, ಅಂಗಡಿಯ ಟ್ಯೂಬ್‌ಲೈಟ್ ಒಂದು ಕಡೆ ಎಳೆದರೆ ಫೋನ್ ಇನ್ನೊಂದು ಕಡೆ ಎಳೆದಿರುತ್ತದೆ. ಹಗಲು ಬೆಳಕಿನಲ್ಲಿ ಸೆರಗಿನ ಚಿತ್ರ ತೆಗೆಸಿಕೊಳ್ಳಿ. ಅದೇ ಚಿತ್ರದಲ್ಲಿ ತೋಪು ತೆನಿಯ ಬಿಳಿ ಇರುತ್ತದಲ್ಲ, ಅದು ನಿಮ್ಮ ಟೆಕ್ಸ್‌ಚರ್‌ನ ಬಿಳಿಗೆ ಸರಿಹೊಂದುವಂತೆ ಚಿತ್ರವನ್ನು ಮೊದಲು ಸರಿಮಾಡಿ, ಆಮೇಲೆ ಕೆಂಪನ್ನು ಓದಿ. ನಮ್ಮ ಉದಾಹರಣೆಯಲ್ಲಿ ದಾಳಿಂಬೆ ಕೆಂಪು (0.26, 0.015, 0.03) ಎಂದು ಬಂದಿತು ಎನ್ನೋಣ. ಆಗ k = (0.50, 0.75, 1.00). ಇದೆಲ್ಲ ಲೀನಿಯರ್ ಮೌಲ್ಯಗಳು. ಫೋಟೊಶಾಪ್‌ನಂತಹ ಕಡೆ ಕಾಣುವ 0–255ರ ಅಂಕಿಗಳನ್ನು ಹಾಗೆಯೇ ಭಾಗಿಸಿದರೆ ಲೆಕ್ಕ ತಪ್ಪುತ್ತದೆ.

ಇಷ್ಟು ಮಾಡಿ ನೋಡಿದರೆ ಸೆರಗಿನ ಚಾಚಿದ ಭಾಗ ದಾಳಿಂಬೆಯಾಗಿರುತ್ತದೆ, ಆದರೆ ಮಡಿಕೆಗಳ ಒಳಗೆ ಮಾತ್ರ ಏನೋ ಕೆಂಡದಂತೆ ಮಿನುಗುತ್ತಿರುತ್ತದೆ. ಸೂತ್ರದಲ್ಲಿ ನಾನು DiffInd_new ಎಂದು ಬರೆದದ್ದು ಇದಕ್ಕಾಗಿ. ಈ ಕೆಲಸದಲ್ಲಿ ನಿಜವಾಗಿ ಕಣ್ಣಿಟ್ಟು ನೋಡಬೇಕಾದ ಜಾಗ ಇದೊಂದೇ, ಆದ್ದರಿಂದ ಒಂದು ಪಿಕ್ಸೆಲ್ ಹಿಡಿದು ಲೆಕ್ಕ ಹಾಕೋಣ.

ಮಡಿಕೆಯ ಆಳದಲ್ಲಿ ನೇರ ಬೆಳಕು ತೀರ ಕಡಿಮೆ, 0.05 ಎನ್ನೋಣ. ಇಂಡೈರೆಕ್ಟ್ ಬೆಳಕಿನ ಕೆಂಪು 0.30, ಹಸಿರು 0.04 ಇದೆ. ಕೋಣೆಯ ಗೋಡೆ ಬಿಳಿ, ದೀಪವೂ ಬಿಳಿ. ಗೋಡೆಯಿಂದ ಬಂದ ಬೆಳಕಿನಲ್ಲಿ ಕೆಂಪು ಹಸಿರು ಹೆಚ್ಚು ಕಡಿಮೆ ಸಮವಿರಬೇಕು. ಅಂದರೆ 0.30ರಲ್ಲಿ 0.04ರಷ್ಟು ಮಾತ್ರ ಗೋಡೆಯದು. ಉಳಿದ 0.26 ಎದುರಿನ ಮಡಿಕೆಯ ಕೆಂಪು ಬಟ್ಟೆಗೆ ಬಡಿದು ಬಂದದ್ದು. ಆ ಬಟ್ಟೆಯ ಕೆಂಪು ಈಗ ಅರ್ಧವಾಗಿದೆ, ಹಾಗಾಗಿ ಅದು ಚಿಮ್ಮಿಸುವ ಬೆಳಕೂ ಅರ್ಧವಾಗಬೇಕು. ಆದರೆ ಫೈಲಿನಲ್ಲಿರುವುದು ಹಳೆಯ ಕುಂಕುಮ ಬಟ್ಟೆ ಚಿಮ್ಮಿಸಿದ ಬೆಳಕು. ಅದನ್ನು ಹೀಗೆ ತಗ್ಗಿಸಬಹುದು:

```
Ind_R_new = Ind_G + (Ind_R − Ind_G) × 0.5
```

ನಮ್ಮ ಪಿಕ್ಸೆಲ್‌ಗೆ ಇದು 0.04 + 0.13 = 0.17. ಈಗ ಎರಡೂ ಉತ್ತರಗಳನ್ನು ಹೋಲಿಸಿ. ಇಂಡೈರೆಕ್ಟ್ ಮುಟ್ಟದೆ ಬಿಟ್ಟರೆ ಹೊಸ ಕೆಂಪು 0.26 × 0.35 = 0.091. ತಗ್ಗಿಸಿದರೆ 0.26 × 0.22 = 0.057. ಮುಟ್ಟದೆ ಬಿಟ್ಟಾಗ ಮಡಿಕೆಯ ಒಳಭಾಗ ಇರಬೇಕಾದದ್ದಕ್ಕಿಂತ ಒಂದೂವರೆ ಪಟ್ಟಿಗಿಂತ ಹೆಚ್ಚು ಬೆಳಗುತ್ತದೆ ಎಂದಾಯಿತು. ಕೆಂಡದಂತೆ ಕಂಡದ್ದು ಇದೇ. ಹಸಿರು, ನೀಲಿ ವಾಹಿನಿಗಳಲ್ಲಿ ಸಂಖ್ಯೆಗಳು ಬಹಳ ಚಿಕ್ಕವು, ಅವನ್ನು ಬಿಟ್ಟುಬಿಡಿ.

ಇದು ಅಂದಾಜು, ಪೂರ್ತಿ ನಿಖರವಲ್ಲ. ಬಟ್ಟೆಗೆ ಎರಡು ಸಲ ಬಡಿದು ಬಂದ ಬೆಳಕು ಅರ್ಧವಲ್ಲ, ಕಾಲು ಭಾಗವಾಗಬೇಕಿತ್ತು. ತೀರ ಬಿಗಿಯಾದ ಮಡಿಕೆಗಳಲ್ಲಿ ಸ್ವಲ್ಪ ಹೆಚ್ಚು ಕೆಂಪು ಉಳಿದರೆ 0.5ರ ಬದಲು 0.4 ಇಟ್ಟು ನೋಡಿ. ನಿಮ್ಮ ದೀಪವೇ ಹಳದಿ ಬಣ್ಣದ್ದಾಗಿದ್ದರೆ ಗೋಡೆಯ ಬೆಳಕಿನಲ್ಲೂ ಕೆಂಪು ಹೆಚ್ಚಿರುತ್ತದೆ. ಆಗ ಸೆರಗಿನಿಂದ ದೂರದ ಗೋಡೆಯಲ್ಲಿ ಕೆಂಪಿಗೂ ಹಸಿರಿಗೂ ಇರುವ ಅನುಪಾತ ಓದಿಕೊಂಡು, ಸೂತ್ರದಲ್ಲಿ Ind_G ಇರುವ ಎರಡೂ ಕಡೆ ಅದನ್ನು ಆ ಅನುಪಾತದಿಂದ ಗುಣಿಸಬೇಕು.

ಸೆರಗಿನ ಹತ್ತಿರದ ಬಿಳಿ ಗೋಡೆಯ ಮೇಲೆ ಬಿದ್ದ ಗುಲಾಬಿ ಛಾಯೆಗೂ ಇದೇ ಸೂತ್ರ, ಗೋಡೆಯ ಮಾಸ್ಕ್ ಇಟ್ಟು. ಕುಂಕುಮದಿಂದ ದಾಳಿಂಬೆಗೆ ಹೋಗುವಾಗ ಇದು ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ, ಮಾಡದಿದ್ದರೂ ನಡೆಯುತ್ತದೆ. ನಾಳೆ ಮಾಲೀಕರು ಹಸಿರು ಸೆರಗು ಕೇಳಿದರೆ ಮಾತ್ರ ಗೋಡೆಯ ಗುಲಾಬಿ ನಿಮ್ಮನ್ನು ಹಿಡಿದುಕೊಡುತ್ತದೆ. ತಂಬಿಗೆಯಲ್ಲಿ ಕಾಣುವ ಸೆರಗಿನ ಪ್ರತಿಬಿಂಬವೂ ಹಳೆಯ ಕೆಂಪೇ, ಅದು ಗ್ಲಾಸಿ ಇಂಡೈರೆಕ್ಟ್‌ನಲ್ಲಿದೆ. ಕ್ಯಾಮೆರಾ ತಂಬಿಗೆಗೆ ತೀರ ಹತ್ತಿರ ಹೋಗದಿದ್ದರೆ ನಾನಂತೂ ಅದರ ತಂಟೆಗೆ ಹೋಗುವುದಿಲ್ಲ.

ಮಾಲೀಕರು ಇನ್ನೊಂದು ಕೇಳಬಹುದು. ಇದೇ ದೃಶ್ಯದಲ್ಲಿ ಕಪ್ಪು ಚಂದ್ರಕಾಳಿ ಸೀರೆಯೂ ಇದ್ದು, ಅದರ ಒಡಲನ್ನು ನೀಲಿ ಮಾಡಿ ಎಂದರೆ ಈ ವಿಧಾನ ಕೈಕೊಡಬಹುದು. ಬೆಳಕಿನ ಪಾಸುಗಳನ್ನು ಸೈಕಲ್ಸ್ ಪಡೆಯುವುದು ಮೊತ್ತವನ್ನು ಬಣ್ಣದಿಂದ ಭಾಗಿಸಿ. ಒಡಲಿಗೆ ನೀವು ಕೊಟ್ಟ ಬಣ್ಣ ಪೂರ್ತಿ ಸೊನ್ನೆಯಾಗಿದ್ದರೆ ಭಾಗಿಸಲು ಏನೂ ಇಲ್ಲ, ಬೆಳಕಿನ ಪಾಸಿನಲ್ಲೂ ಅಲ್ಲಿ ಕಪ್ಪೇ. 0.02ರಷ್ಟಾದರೂ ಕೊಟ್ಟಿದ್ದರೆ ಬೆಳಕು ಫೈಲಿನಲ್ಲಿರುತ್ತದೆ, ಮೇಲೆತ್ತಬಹುದು. ನಿಜವಾದ ಕಪ್ಪು ನೂಲಿಗೂ ಸೊನ್ನೆ ಬಣ್ಣವಿಲ್ಲ, ಆದ್ದರಿಂದ ಮೆಟೀರಿಯಲ್ ಮಾಡುವಾಗಲೇ ಸೊನ್ನೆ ಇಡದಿರುವುದು ಲೇಸು.

ಚಿತ್ರ ಹೊರಗೆ ಬರೆಯುವ ಮುನ್ನ ಕಲರ್ ಮ್ಯಾನೇಜ್‌ಮೆಂಟ್ ನೋಡಿ. ಇಎಕ್ಸ್‌ಆರ್‌ನಲ್ಲಿರುವುದು ವ್ಯೂ ಟ್ರಾನ್ಸ್‌ಫಾರ್ಮ್ ಸೋಕದ ಲೀನಿಯರ್ ಬೆಳಕು. ಬ್ಲೆಂಡರ್ 4.0ರಿಂದ ಹೊಸ ಫೈಲಿಗೆ AgX ತಾನಾಗಿ ಬರುತ್ತದೆ. ನಿಮ್ಮ ಮೂಲ ಫೈಲು ಹಳೆಯ Filmic ನಲ್ಲಿದ್ದರೆ ಸೆರಗಷ್ಟೇ ಅಲ್ಲ, ಇಡೀ ಚಿತ್ರದ ಹದ ಬದಲಾಗುತ್ತದೆ, ಆಗ ನೀವು ನಿಮ್ಮ ನೋಡ್‌ಗಳನ್ನು ಸುಮ್ಮನೆ ಶಂಕಿಸುತ್ತ ಕೂರುತ್ತೀರಿ. ಮೂಲದಲ್ಲಿದ್ದ ವ್ಯೂ ಟ್ರಾನ್ಸ್‌ಫಾರ್ಮ್, ಲುಕ್, ಎಕ್ಸ್‌ಪೋಷರ್ ಮೂರನ್ನೂ ಹಾಗೆಯೇ ಇಡಿ. k ಅನ್ನು ಕಣ್ಣಳತೆಯಲ್ಲಿ ತಿದ್ದುವುದಿದ್ದರೆ ಅದು ಸರಿಯಾದ ಮೇಲೆಯೇ ತಿದ್ದಿ, ಏಕೆಂದರೆ AgX ಬೆಳಗಿದ ಕೆಂಪನ್ನು ಸ್ವಲ್ಪ ತೊಳೆದಂತೆ ತೋರಿಸುತ್ತದೆ. ಹೊಸ ಫ್ರೇಮುಗಳನ್ನು ಬೇರೆ ಫೋಲ್ಡರ್‌ಗೆ ಬರೆಯಿರಿ, ಇಎಕ್ಸ್‌ಆರ್‌ಗಳ ಮೇಲಲ್ಲ. ಎಲ್ಲ 240 ಬರೆಯುವ ಮೊದಲು, ಬಟ್ಟೆ ಹೆಚ್ಚು ಅಲುಗುವ ಕಡೆಯ ಇಪ್ಪತ್ತು ಫ್ರೇಮು ಬರೆದು ಓಡಿಸಿ. ಡಿನಾಯ್ಸ್ ಪ್ರತಿ ಫ್ರೇಮನ್ನೂ ಒಂಟಿಯಾಗಿ ನೋಡುವುದರಿಂದ ಕಡಿಮೆ ಬೆಳಕಿನ ಮಡಿಕೆಗಳಲ್ಲಿ ತೇಪೆ ತೇಪೆಯಾಗಿ ಮಿನುಗು ಬರುವ ಸಂಭವವಿದೆ. ಅದು ಇಂಡೈರೆಕ್ಟ್ ಪಾಸಿನಿಂದಲೇ ಬರುತ್ತದೆ. ಆ ನೋಡ್‌ನ ಫಲಿತಾಂಶಕ್ಕೆ ಎರಡು ಮೂರು ಪಿಕ್ಸೆಲ್‌ನ ಬ್ಲರ್ ಕೊಟ್ಟರೆ ಸಾಮಾನ್ಯವಾಗಿ ಅಡಗುತ್ತದೆ, ನೇಯ್ಗೆ ಡಿಫ್ಯೂಸ್ ಕಲರ್‌ನಲ್ಲಿರುವುದರಿಂದ ಬ್ಲರ್ ಅದನ್ನು ಮುಟ್ಟುವುದಿಲ್ಲ.

ಈಗ ಗಾಜಿನ ಕಪಾಟು. ಅಲ್ಲಿ ಕ್ಯಾಮೆರಾದಿಂದ ಹೊರಟ ಕಿರಣ ಮೊದಲು ತಾಗುವುದು ಗಾಜಿಗೆ. ಆದ್ದರಿಂದ ಕ್ರಿಪ್ಟೋಮ್ಯಾಟ್‌ಗೆ ಅಲ್ಲಿ ಕಾಣುವುದು ಗಾಜು ಮಾತ್ರ. ಡಿಫ್ಯೂಸ್ ಕಲರ್‌ನಲ್ಲಿ ಸೀರೆ ಇಲ್ಲವೇ ಇಲ್ಲ. ಗಾಜಿನ ಹಿಂದೆ ಕಾಣುವ ಸೀರೆ ಬಣ್ಣ, ಬೆಳಕು, ಹೊಳಪು ಸಮೇತ ಟ್ರಾನ್ಸ್‌ಮಿಷನ್ ಇಂಡೈರೆಕ್ಟ್‌ನಲ್ಲಿ ಒಂದೇ ಮುದ್ದೆಯಾಗಿ ಕುಳಿತಿರುತ್ತದೆ. ಆ ಫ್ರೇಮುಗಳಿಗೆ ಹೀಗೆ ಮಾಡಿ: ಗಾಜಿನ ವಸ್ತುವನ್ನು ಆರಿಸಿ, ಆಬ್ಜೆಕ್ಟ್ ಗುಣಗಳಲ್ಲಿ Ray Visibility ಅಡಿಯ Camera ಗುರುತು ತೆಗೆದು, ಕ್ರಿಪ್ಟೋಮ್ಯಾಟ್ ಮತ್ತು ಡಿಫ್ಯೂಸ್ ಕಲರ್ ಎರಡನ್ನೇ ಕಡಿಮೆ ಸ್ಯಾಂಪಲ್‌ನಲ್ಲಿ, ಬೌನ್ಸ್ ಇಲ್ಲದೆ ರೆಂಡರ್ ಮಾಡಿ. ಅವುಗಳಿಂದ ಮೊದಲಿನಂತೆಯೇ ಕೆಂಪು ದಾರದ ಮಾಸ್ಕ್ ಮಾಡಿ, ಕಂಬೈನ್ಡ್‌ಗೆ ಕೂಡಿಸುವ ಬದಲಾವಣೆಯನ್ನು ಟ್ರಾನ್ಸ್‌ಮಿಷನ್ ಸಾಲಿನಿಂದ ಲೆಕ್ಕಹಾಕಿ, ಅಂದರೆ Mask × TransCol × TransInd × (k − 1). ಗಾಜಿನ ಹಿಂದಿನ ರೇಷ್ಮೆಯ ಹೊಳಪಿಗೂ ಸ್ವಲ್ಪ ಬಣ್ಣ ತಗಲುತ್ತದೆ, ಅದನ್ನು ತಪ್ಪಿಸಲು ಆಗುವುದಿಲ್ಲ. ಗಾಜು ದಪ್ಪವಾಗಿದ್ದು ಬೆಳಕನ್ನು ಬಾಗಿಸುತ್ತಿದ್ದರೆ ಮಾಸ್ಕ್ ಒಂದೆರಡು ಪಿಕ್ಸೆಲ್ ಸರಿದು ಕೂರುತ್ತದೆ, ತೆನಿಯ ಒಂದು ಮಗ್ಗುಲಲ್ಲಿ ಹಳೆಯ ಕೆಂಪಿನ ಗೆರೆ ಕಂಡರೆ ಕಾರಣ ಅದೇ. Translate ನೋಡ್‌ನಿಂದ ಸರಿಸಿ ಕೂರಿಸಬಹುದು, ಆದರೆ ಕ್ಯಾಮೆರಾ ತಿರುಗುತ್ತಿದ್ದರೆ ಆ ಫ್ರೇಮುಗಳನ್ನು ಹೊಸದಾಗಿ ರೆಂಡರ್ ಮಾಡುವುದೇ ಕಡಿಮೆ ತಲೆನೋವು.

ಮುಂದಿನ ಕೆಲಸದಲ್ಲಿ ಕಪಾಟಿನ ಚಪ್ಪಟೆ ಗಾಜಿಗೆ ಗ್ಲಾಸ್ ಶೇಡರ್ ಬದಲು ಟ್ರಾನ್ಸ್‌ಪರೆಂಟ್ ಮತ್ತು ಗ್ಲಾಸಿ ಶೇಡರ್‌ಗಳನ್ನು ಬೆರೆಸಿ, ಫ್ರೆನೆಲ್‌ನಿಂದ ಪ್ರಮಾಣ ಕೊಡಿ. ಟ್ರಾನ್ಸ್‌ಪರೆಂಟ್ ಮೂಲಕ ಕಿರಣ ನೇರ ದಾಟಿಹೋಗುವುದರಿಂದ ಹಿಂದಿನ ಸೀರೆ ಡಿಫ್ಯೂಸ್ ಪಾಸುಗಳಿಗೂ ಕ್ರಿಪ್ಟೋಮ್ಯಾಟ್‌ಗೂ ತಾನಾಗಿಯೇ ಬರುತ್ತದೆ.